ನಡುಗಡಲಲ್ಲಿ ಹತ್ತಿಸಿಕೊಂಡವರನ್ನು ಎಲ್ಲಿ ಇಳಿಸಬೇಕು?

ಅಂತರರಾಷ್ಟ್ರೀಯ ಕಾನೂನು ಓದುವ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಇಂಥದೊಂದು ಸಮಸ್ಯೆ ಕೊಡುವುದುಂಟು. ಒಂದು ದೇಶದಲ್ಲಿ ಜೀವಭಯದಿಂದ ಓಡಿಬಂದ ಇನ್ನೂರು ಜನ ಎರಡನೆಯ ದೇಶದ ತೀರದಿಂದ ದೋಣಿ ಹತ್ತಿ ಮೂರನೆಯ ದೇಶದ ಕಡೆಗೆ ಹೊರಟಿದ್ದಾರೆ. ಇನ್ನೂ ಯಾವ ದೇಶದ ಗಡಿಯನ್ನೂ ಮುಟ್ಟಿಲ್ಲ. ನಡುಗಡಲಲ್ಲಿ ಆ ಮೂರನೆಯ ದೇಶದ ಹಡಗು ಅವರನ್ನು ಹತ್ತಿಸಿಕೊಂಡು, ಹೊರಟ ತೀರಕ್ಕೇ ಒಯ್ದು ಇಳಿಸಿಬಿಡುತ್ತದೆ. ಯಾರನ್ನೂ ಏನನ್ನೂ ಕೇಳಿಲ್ಲ, ಯಾರ ಹೆಸರನ್ನೂ ಬರೆದುಕೊಂಡಿಲ್ಲ. ಆ ದೇಶ ಕಾನೂನು ಮುರಿಯಿತೇ? ಮುರಿದಿದ್ದರೆ ಯಾವ ಕಾನೂನನ್ನು?

ಕಾಗದದ ಮೇಲೆ ಕಟ್ಟಿದ ಪ್ರಶ್ನೆಯಂತೆ ಕಾಣುವ ಇದು 2009ರ ಮೇ 6ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಅಕ್ಷರಶಃ ನಡೆಯಿತು. ಇಟಲಿಗೆ ಸೇರಿದ ಲ್ಯಾಂಪೆಡೂಸ ದ್ವೀಪದಿಂದ ದಕ್ಷಿಣಕ್ಕೆ 35 ನಾಟಿಕಲ್ ಮೈಲು ದೂರದಲ್ಲಿ, ಲಿಬಿಯಾದಿಂದ ಹೊರಟಿದ್ದ ಮೂರು ದೋಣಿಗಳನ್ನು ಇಟಲಿಯ ಕಂದಾಯ ಪೊಲೀಸರ ಮತ್ತು ಕೋಸ್ಟ್ ಗಾರ್ಡ್‌ನ ಹಡಗುಗಳು ತಡೆದವು. ದೋಣಿಗಳಲ್ಲಿ ಸುಮಾರು 200 ಜನರಿದ್ದರು. ಅವರನ್ನು ಇಟಲಿಯ ಮಿಲಿಟರಿ ಹಡಗುಗಳಿಗೆ ಹತ್ತಿಸಲಾಯಿತು. ಗುರುತಿನ ಚೀಟಿಗಳೂ ಸೇರಿದಂತೆ ಅವರ ಸಾಮಾನುಗಳನ್ನು ಸೈನಿಕರು ತೆಗೆದುಕೊಂಡರು. ಎಲ್ಲಿಗೆ ಹೋಗುತ್ತಿದ್ದೇವೆಂದು ಯಾರೂ ಹೇಳಲಿಲ್ಲ. ಯುರೋಪ್ ಸಿಕ್ಕಿತೆಂದೇ ಅವರು ನಂಬಿದ್ದರು. ಹತ್ತು ಗಂಟೆಗಳ ಪಯಣದ ನಂತರ ಹಡಗು ಬಂದು ನಿಂತದ್ದು ಲಿಬಿಯಾದ ಟ್ರಿಪೋಲಿ ಬಂದರಿನಲ್ಲಿ. ನಮ್ಮನ್ನು ಇಲ್ಲಿ ಒಪ್ಪಿಸಬೇಡಿ ಎಂದು ಅವರು ಪ್ರತಿಭಟಿಸಿದರು. ಆದರೂ ಬಲವಂತವಾಗಿ ಕೆಳಗಿಳಿಸಿ ಲಿಬಿಯಾದ ಅಧಿಕಾರಿಗಳ ವಶಕ್ಕೆ ಕೊಡಲಾಯಿತು.

ಮರುದಿನ ಇಟಲಿಯ ಗೃಹಸಚಿವ ರೊಬೆರ್ತೊ ಮರೋನಿ ಪತ್ರಿಕಾಗೋಷ್ಠಿ ಕರೆದು, ಇದು ಅಕ್ರಮ ವಲಸೆಯ ವಿರುದ್ಧದ ಹೋರಾಟದಲ್ಲಿ ಮಹತ್ವದ ತಿರುವು ಎಂದು ಹೇಳಿದರು. ಅದರ ಹಿಂದೆ ಒಂದು ಒಪ್ಪಂದವಿತ್ತು. 2008ರ ಆಗಸ್ಟ್‌ನಲ್ಲಿ ಬೆಂಗಾಝಿಯಲ್ಲಿ ಬೆರ್ಲುಸ್ಕೋನಿ ಮತ್ತು ಗಡಾಫಿ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದ್ದರು. ಕಡಲ ಗಸ್ತಿನ ಕುರಿತ ಪ್ರತ್ಯೇಕ ಒಡಂಬಡಿಕೆ 2009ರ ಫೆಬ್ರುವರಿ 4ರಿಂದ ಜಾರಿಯಲ್ಲಿತ್ತು. ಮೇ 6ರಿಂದ 10ರೊಳಗೆ ಹೀಗೆ ಲಿಬಿಯಾಕ್ಕೆ ಮರಳಿಸಿದವರ ಸಂಖ್ಯೆ 471 ದಾಟಿತು.

ಆ ಮೊದಲ ದಿನದ 200 ಜನರಲ್ಲಿ 24 ಮಂದಿ, ಸೊಮಾಲಿಯಾದ 11 ಮತ್ತು ಎರಿಟ್ರಿಯಾದ 13 ಜನ, ವಕೀಲರ ಮೂಲಕ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಕೊಟ್ಟರು. ಹಿರ್ಸಿ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯ ತೀರ್ಪು ಬಂದದ್ದು 2012ರ ಫೆಬ್ರುವರಿ 23ರಂದು, ನ್ಯಾಯಾಲಯದ ಅತಿ ದೊಡ್ಡ ಪೀಠವಾದ ಗ್ರ್ಯಾಂಡ್ ಚೇಂಬರ್‌ನಿಂದ, ಸರ್ವಾನುಮತದಿಂದ. ಪರೀಕ್ಷೆಯ ಆ ಪ್ರಶ್ನೆಗೆ ಹೇಗೆ ಉತ್ತರಿಸಬೇಕೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಮೊದಲು ನಿಯಮವನ್ನು ನೋಡೋಣ. ಕಾನೂನಿನ ಪುಸ್ತಕಗಳಲ್ಲಿ ಇದನ್ನು ನಾನ್-ರಿಫೌಲ್‌ಮೆಂಟ್ ಎನ್ನುತ್ತಾರೆ. ಅಪಾಯವಿರುವ ಕಡೆಗೆ ಯಾರನ್ನೂ ಮರಳಿ ದೂಡಬಾರದು ಎಂಬುದು ಇದರ ಸಾರ. 1951ರ ನಿರಾಶ್ರಿತರ ಒಪ್ಪಂದದ 33ನೆಯ ವಿಧಿಯಲ್ಲಿ ಇದು ಬರುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೂ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಜೀವಕ್ಕೋ ಸ್ವಾತಂತ್ರ್ಯಕ್ಕೋ ಕುತ್ತು ಬರುವಂಥ ನೆಲಕ್ಕೆ ನಿರಾಶ್ರಿತರನ್ನು ಯಾವ ರೀತಿಯಲ್ಲೂ ಕಳುಹಿಸಕೂಡದು ಎಂದು ಆ ವಿಧಿ ಹೇಳುತ್ತದೆ. ದೇಶದ ಭದ್ರತೆಗೆ ಅಪಾಯಕಾರಿಯಾದವರಿಗೆ, ಘೋರ ಅಪರಾಧದಲ್ಲಿ ಶಿಕ್ಷೆಯಾಗಿ ಸಮಾಜಕ್ಕೆ ಅಪಾಯವೆನಿಸಿದವರಿಗೆ ಈ ರಕ್ಷಣೆ ಇಲ್ಲ. ಚಿತ್ರಹಿಂಸೆಯನ್ನು ನಿಷೇಧಿಸುವ ಮಾನವ ಹಕ್ಕುಗಳ ಒಪ್ಪಂದಗಳಲ್ಲೂ ಇದೇ ನಿಯಮ ಬೇರೆ ರೂಪದಲ್ಲಿದೆ. ಅಲ್ಲಿ ಯಾವ ವಿನಾಯಿತಿಯೂ ಇಲ್ಲ. ಎಂಥ ಅಪರಾಧಿಯೇ ಆಗಿರಲಿ, ಚಿತ್ರಹಿಂಸೆ ಕಾದಿರುವ ಕಡೆಗೆ ಕಳುಹಿಸುವಂತಿಲ್ಲ.

ಇಲ್ಲಿ ಓದುಗರು ಸಾಮಾನ್ಯವಾಗಿ ಎಡವುವ ಎರಡು ಜಾಗಗಳಿವೆ. ಸರ್ಕಾರ ಅರ್ಜಿ ನೋಡಿ ಮುದ್ರೆ ಒತ್ತಿದ ಮೇಲೆ ಮಾತ್ರ ಒಬ್ಬರು ನಿರಾಶ್ರಿತರಾಗುತ್ತಾರೆ ಎಂದು ಅನೇಕರು ಭಾವಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ವೈದ್ಯರು ಚೀಟಿ ಬರೆಯುವ ಮೊದಲೇ ಜ್ವರ ಮೈಯಲ್ಲಿ ಇರುತ್ತದಲ್ಲ, ಇದೂ ಹಾಗೆಯೇ. ಕಿರುಕುಳದ ನಿಜವಾದ ಭಯದಿಂದ ದೇಶ ಬಿಟ್ಟ ಗಳಿಗೆಯಲ್ಲೇ ಆ ವ್ಯಕ್ತಿ ನಿರಾಶ್ರಿತ. ಸರ್ಕಾರ ಆಮೇಲೆ ಅದನ್ನು ಗುರುತಿಸುತ್ತದೆ, ಅಷ್ಟೆ. ಆದ್ದರಿಂದ ವಿಚಾರಿಸದೆ ಮರಳಿ ಕಳುಹಿಸುವುದೆಂದರೆ ಒಬ್ಬ ನಿರಾಶ್ರಿತನನ್ನು ಕಳುಹಿಸುವ ಅಪಾಯವನ್ನು ತಿಳಿದೂ ಮೈಮೇಲೆ ಎಳೆದುಕೊಂಡಂತೆ.

ಎರಡನೆಯದು, ಈ ನಿಯಮವಿದ್ದರೆ ಬಂದವರನ್ನೆಲ್ಲ ಒಳಗೆ ಬಿಟ್ಟುಕೊಳ್ಳಲೇಬೇಕು ಎಂಬ ಭಯ. ಅದೂ ಸರಿಯಲ್ಲ. ನಿಯಮ ಪೌರತ್ವ ಕೊಡಿ ಎನ್ನುವುದಿಲ್ಲ, ನೆಲೆಸಲು ಬಿಡಿ ಎಂದೂ ಹೇಳುವುದಿಲ್ಲ. ಅಪಾಯವಿಲ್ಲದ ಇನ್ನೊಂದು ದೇಶ ಒಪ್ಪಿದರೆ ಅಲ್ಲಿಗೆ ಕಳುಹಿಸಬಹುದು. ವಿಚಾರಣೆಯಲ್ಲಿ ಭಯಕ್ಕೆ ಆಧಾರವಿಲ್ಲವೆಂದು ಕಂಡರೆ ಊರಿಗೇ ಕಳುಹಿಸಬಹುದು. ಅಪಾಯದ ಬಾಯಿಗೆ ಕೊಡಬೇಡ, ಕೊಡುವ ಮೊದಲು ವಿಚಾರಿಸು ಎಂಬಲ್ಲಿಗೆ ಅದರ ಕೇಳಿಕೆ ಮುಗಿಯುತ್ತದೆ.

ಹಿರ್ಸಿ ಪ್ರಕರಣದಲ್ಲಿ ಎಲ್ಲಕ್ಕಿಂತ ಮೊದಲು ಎದ್ದ ಪ್ರಶ್ನೆ ಜಾಗದ್ದು. ಘಟನೆ ನಡೆದದ್ದು ಇಟಲಿಯ ನೆಲದಲ್ಲಲ್ಲ, ಅದರ ಜಲಗಡಿಯ ಒಳಗೂ ಅಲ್ಲ. ಮಾಲ್ಟಾ ದೇಶ ಶೋಧ ಮತ್ತು ರಕ್ಷಣೆಯ ಹೊಣೆ ಹೊತ್ತಿದ್ದ ಕಡಲ ಪ್ರದೇಶ ಅದು. ತನ್ನ ನೆಲದ ಹೊರಗೆ ನಡೆದದ್ದಕ್ಕೆ ದೇಶವೊಂದು ಉತ್ತರಿಸಬೇಕೆ?

ಉತ್ತರಿಸಬೇಕಿಲ್ಲ ಎಂದು ಬಲಿಷ್ಠ ನ್ಯಾಯಾಲಯವೊಂದು ಅದಾಗಲೇ ಹೇಳಿತ್ತು. 1991ರ ಸೆಪ್ಟೆಂಬರ್‌ನಲ್ಲಿ ಹೈಟಿಯಲ್ಲಿ ಅಧ್ಯಕ್ಷ ಅರಿಸ್ಟೀಡ್ ಅವರನ್ನು ಸೇನೆ ಕೆಳಗಿಳಿಸಿದಾಗ ಸಾವಿರಾರು ಜನ ದೋಣಿಗಳಲ್ಲಿ ಅಮೆರಿಕದತ್ತ ಹೊರಟರು. 1992ರ ಮೇ ತಿಂಗಳಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ಸಮುದ್ರದಲ್ಲೇ ತಡೆದು ವಿಚಾರಣೆ ಇಲ್ಲದೆ ಹೈಟಿಗೆ ಮರಳಿಸಲು ಅನುವಾಗುವ ಆದೇಶ ಹೊರಡಿಸಿದರು. ಮರುವರ್ಷದ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟು ಮತ್ತು ಒಂದರ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. 33ನೆಯ ವಿಧಿ ದೇಶದ ಗಡಿಯ ಹೊರಗೆ ಅನ್ವಯಿಸದು ಎಂಬುದು ಅದರ ವಾದ. ಭಿನ್ನಮತ ಬರೆದವರು ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಒಬ್ಬರೇ. ನನ್ನ ಅಭಿಪ್ರಾಯದಲ್ಲಿ ಆ ದಿನ ಸರಿಯಾಗಿ ಓದಿದವರೂ ಅವರೊಬ್ಬರೇ. ಗಡಿಯೊಳಗೆ ಕಾಲಿಟ್ಟವರನ್ನು ದೂಡಬಾರದು, ಆದರೆ ಕಾಲಿಡದಂತೆ ನಡುಗಡಲಿನಲ್ಲೇ ಹಿಡಿದು ಪೀಡಕರ ಕೈಗೆ ಒಪ್ಪಿಸಬಹುದು ಎಂದರೆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಇಟಲಿ ಅಷ್ಟು ದೂರ ಹೋಗಿ ವಾದಿಸಲಿಲ್ಲ. ನಾವು ಮಾಡಿದ್ದು ರಕ್ಷಣಾ ಕಾರ್ಯ, ಸಮುದ್ರ ಕಾನೂನಿನ ಪ್ರಕಾರ ಮುಳುಗುವ ಅಪಾಯದಲ್ಲಿದ್ದವರಿಗೆ ನೆರವು ಕೊಟ್ಟೆವು, ನೆರವು ಕೊಟ್ಟಮಾತ್ರಕ್ಕೆ ಅವರೆಲ್ಲ ನಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ನ್ಯಾಯಾಲಯ ಒಪ್ಪಲಿಲ್ಲ. ತೆರೆದ ಸಮುದ್ರದಲ್ಲಿ ಹಡಗಿನ ಮೇಲೆ ನಡೆಯುವುದಕ್ಕೆಲ್ಲ ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶವೇ ಹೊಣೆ ಎಂಬುದು ಸಮುದ್ರ ಕಾನೂನಿನ ಹಳೆಯ ಸೂತ್ರ. ಇಟಲಿಯ ಸ್ವಂತ ನೌಕಾಯಾನ ಸಂಹಿತೆಯೂ ತನ್ನ ಹಡಗನ್ನು ತನ್ನ ನೆಲವೆಂದೇ ಎಣಿಸುತ್ತದೆ. ಹಡಗು ಇಟಲಿಯ ಸೇನೆಯದು, ಸಿಬ್ಬಂದಿಯೆಲ್ಲ ಇಟಲಿಯ ಸೈನಿಕರು. ಹತ್ತಿಸಿಕೊಂಡ ಗಳಿಗೆಯಿಂದ ಲಿಬಿಯಾಕ್ಕೆ ಒಪ್ಪಿಸುವ ಗಳಿಗೆಯವರೆಗೆ ಆ ಜನ ಸಂಪೂರ್ಣವಾಗಿ ಇಟಲಿಯ ಹಿಡಿತದಲ್ಲಿದ್ದರು. ಅದಕ್ಕೆ ರಕ್ಷಣೆ ಎಂದು ಹೆಸರಿಟ್ಟರೂ ಪೊಲೀಸ್ ಕಾರ್ಯಾಚರಣೆ ಎಂದರೂ ಹಿಡಿತ ಹಿಡಿತವೇ. ಪರೀಕ್ಷೆ ಬರೆಯುವವರು ಮೊದಲು ಹಾಕಿಕೊಳ್ಳಬೇಕಾದ ಪ್ರಶ್ನೆ ಇದು: ಘಟನೆ ಎಲ್ಲಿ ನಡೆಯಿತು ಎನ್ನುವುದಕ್ಕಿಂತ ಆ ಜನ ಆಗ ಯಾರ ಕೈಯಲ್ಲಿದ್ದರು?

ಮುಂದಿನ ಪ್ರಶ್ನೆ, ಲಿಬಿಯಾದಲ್ಲಿ ಅವರಿಗೆ ಏನು ಕಾದಿತ್ತು ಮತ್ತು ಅದು ಇಟಲಿಗೆ ಗೊತ್ತಿತ್ತೆ? ಆಗಿನ ಲಿಬಿಯಾ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಆಶ್ರಯ ಕೋರಲು ಅಲ್ಲಿ ಕಾನೂನೇ ಇರಲಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಟ್ರಿಪೋಲಿಯಲ್ಲಿ ಕೆಲಸ ಮಾಡುತ್ತಿದ್ದರೂ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿರಲಿಲ್ಲ. 2010ರಲ್ಲಿ ಕೆಲಸ ನಿಲ್ಲಿಸುವಂತೆ ಹೇಳಿತು. ಕಾಗದಪತ್ರವಿಲ್ಲದೆ ಬಂದವರು ಕೂಲಿಗೆ ಬಂದವರೋ ಜೀವ ಉಳಿಸಿಕೊಳ್ಳಲು ಬಂದವರೋ ಎಂದು ನೋಡದೆ ಎಲ್ಲರನ್ನೂ ಹಿಡಿದು ಬಂಧನ ಕೇಂದ್ರಗಳಿಗೆ ತುಂಬುತ್ತಿದ್ದರು. ಅಲ್ಲಿನ ಹೊಡೆತ, ಚಿತ್ರಹಿಂಸೆ, ಕೊಳಕು, ಔಷಧಿಯಿಲ್ಲದ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್, ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಹೈಕಮಿಷನರ್ ಕಚೇರಿ ವರದಿ ಮಾಡಿದ್ದವು.

ಇಟಲಿ ಇದಕ್ಕೆ ಕೊಟ್ಟ ಉತ್ತರ ಎರಡು ಎಳೆಯದು. ಲಿಬಿಯಾ ಹಲವು ಮಾನವ ಹಕ್ಕು ಒಪ್ಪಂದಗಳಿಗೆ ಸಹಿ ಹಾಕಿದೆ, ನಮ್ಮೊಂದಿಗೆ ಮಾಡಿಕೊಂಡ ಸ್ನೇಹ ಒಪ್ಪಂದದಲ್ಲೂ ಮಾನವ ಹಕ್ಕು ಪಾಲಿಸುವುದಾಗಿ ಮಾತು ಕೊಟ್ಟಿದೆ ಎಂಬುದು ಒಂದು. ಹಡಗಿನಲ್ಲಿದ್ದವರಲ್ಲಿ ಯಾರೂ ಆಶ್ರಯ ಬೇಕೆಂದು ಬಾಯಿಬಿಟ್ಟು ಕೇಳಲಿಲ್ಲ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ನ್ಯಾಯಾಲಯ, ಸಹಿ ಹಾಕಿದ ಕಾಗದ ಬೇರೆ, ನಡೆಯುತ್ತಿರುವ ಕೆಲಸ ಬೇರೆ ಎಂದಿತು. ನಂಬಲರ್ಹ ಮೂಲಗಳು ಹಿಂಸೆಯನ್ನು ವರದಿ ಮಾಡಿರುವಾಗ ಒಪ್ಪಂದದ ಅಕ್ಷರಗಳು ಯಾರನ್ನೂ ಕಾಯುವುದಿಲ್ಲ. ಎರಡನೆಯದಕ್ಕೆ ಕೊಟ್ಟ ಉತ್ತರವೇ ತೀರ್ಪಿನ ಜೀವಾಳ ಎಂದು ನನಗೆ ತೋರುತ್ತದೆ. ತಾವು ಎಲ್ಲಿಗೆ ಹೋಗುತ್ತಿದ್ದೇವೆಂದೇ ತಿಳಿಯದವರು ಏನನ್ನು ಕೇಳಬೇಕು? ಕೇಳಬೇಕಾದದ್ದು ದೋಣಿಯವರಲ್ಲ, ವಿಚಾರಿಸಬೇಕಾದದ್ದು ಇಟಲಿ. ಲಿಬಿಯಾದಲ್ಲಿ ಇಂಥವರಿಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿರುವಾಗ, ಕೈಗೆ ಸಿಕ್ಕವರನ್ನು ಅಲ್ಲಿಗೆ ಕಳುಹಿಸುವ ಮೊದಲು ಆ ಬಗ್ಗೆ ತಿಳಿದುಕೊಳ್ಳುವ ಹೊಣೆ ಕಳುಹಿಸುವವರದ್ದೇ. ಯಾರೂ ಕೇಳಲಿಲ್ಲ ಎಂಬ ನೆಪ ಆ ಹೊಣೆಯನ್ನು ಇಳಿಸುವುದಿಲ್ಲ.

ಅಲ್ಲಿಗೇ ನಿಲ್ಲದೆ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟು ನೋಡಿತು. ಲಿಬಿಯಾ ಅವರನ್ನು ತನ್ನಲ್ಲೇ ಇಟ್ಟುಕೊಳ್ಳುವುದೆಂಬ ಭರವಸೆ ಎಲ್ಲಿತ್ತು? ಅಲ್ಲಿಂದ ಸೊಮಾಲಿಯಾಕ್ಕೋ ಎರಿಟ್ರಿಯಾಕ್ಕೋ ತಳ್ಳಬಹುದಿತ್ತು. ಸೊಮಾಲಿಯಾದಲ್ಲಿ ಯುದ್ಧ ನಡೆದಿತ್ತು. ಅನುಮತಿಯಿಲ್ಲದೆ ದೇಶ ಬಿಟ್ಟವರನ್ನು ಎರಿಟ್ರಿಯಾ ಸೆರೆಗೆ ಹಾಕಿ ಹಿಂಸಿಸುತ್ತಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ದಾಟಿಸಿ ಕೊನೆಗೆ ಪೀಡಕರ ಮನೆಬಾಗಿಲಿಗೇ ತಲುಪಿಸುವ ಈ ಸರಪಳಿಯ ಮೊದಲ ಕೊಂಡಿಯೂ ಅಷ್ಟೇ ತಪ್ಪಿತಸ್ಥ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಇಳಿಸಿದ ಬಂದರು ಸುರಕ್ಷಿತವೇ ಎಂದಷ್ಟೇ ನೋಡಿ ನಿಲ್ಲಿಸುತ್ತಾರೆ, ಆ ಬಂದರಿನಿಂದ ಮುಂದಿನ ದಾರಿ ಎಲ್ಲಿಗೆ ಹೋಗುತ್ತದೆಂದು ಕೇಳುವುದಿಲ್ಲ. ಈ 24 ಮಂದಿಯ ಭಯ ಕಟ್ಟುಕತೆಯಲ್ಲ ಎನ್ನುವುದಕ್ಕೆ ಒಂದು ಸಂಗತಿ ಸಾಕು: ಅದೇ ವರ್ಷದ ಜೂನ್‌ನಿಂದ ಅಕ್ಟೋಬರ್‌ನೊಳಗೆ ಇವರಲ್ಲಿ 14 ಜನರನ್ನು ಟ್ರಿಪೋಲಿಯ ಹೈಕಮಿಷನರ್ ಕಚೇರಿಯೇ ನಿರಾಶ್ರಿತರೆಂದು ಗುರುತಿಸಿತು.

ಉಳಿದದ್ದು ಗುಂಪಿನ ಪ್ರಶ್ನೆ. ವಿದೇಶಿಯರನ್ನು ಸಾಮೂಹಿಕವಾಗಿ ಹೊರಹಾಕುವುದನ್ನು ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ 1963ರಲ್ಲಿ ಸೇರಿಸಿದ ಒಂದು ವಿಧಿ ನಿಷೇಧಿಸುತ್ತದೆ. ಅದರ ಅರ್ಥ ಸಂಖ್ಯೆಗೆ ಸಂಬಂಧಿಸಿದ್ದಲ್ಲ. ಇನ್ನೂರು ಜನರನ್ನು ಒಂದೇ ದಿನ ವಾಪಸು ಕಳುಹಿಸಿದರೂ ಪ್ರತಿಯೊಬ್ಬರ ಕತೆಯನ್ನು ಪ್ರತ್ಯೇಕವಾಗಿ ಕೇಳಿ ನಿರ್ಧರಿಸಿದ್ದರೆ ಅದು ಸಾಮೂಹಿಕವಾಗದು. ಟ್ರಿಪೋಲಿಯ ಹಾದಿಯಲ್ಲಿದ್ದ ಹಡಗುಗಳಲ್ಲಿ ಹೆಸರು ಕೇಳುವ ಅಧಿಕಾರಿ ಇರಲಿಲ್ಲ, ದುಭಾಷಿ ಇರಲಿಲ್ಲ, ವಕೀಲರೂ ಇರಲಿಲ್ಲ. ಇದ್ದವರು ಸೈನಿಕರು, ಅವರಿಗೆ ಸಂದರ್ಶನ ಮಾಡುವ ತರಬೇತಿ ಇರಲಿಲ್ಲ. ಹೀಗಾಗಿ ಆ ವಿಧಿಯೂ ಮುರಿಯಿತು. ತೀರ್ಮಾನವನ್ನು ಪ್ರಶ್ನಿಸಲು ಯಾವ ದಾರಿಯನ್ನೂ ಕೊಡದ ಕಾರಣ ಪರಿಹಾರದ ಹಕ್ಕೂ ಮುರಿಯಿತು.

ನ್ಯಾಯಾಲಯ ತಲಾ 15,000 ಯೂರೋ ಪರಿಹಾರ ಕೊಡಲು ಆದೇಶಿಸಿತು. ಈ ಜನರಿಗೆ ಹಿಂಸೆಯಾಗದಂತೆ, ಅವರನ್ನು ಊರಿಗೆ ತಳ್ಳದಂತೆ ಲಿಬಿಯಾದಿಂದ ಭರವಸೆ ಪಡೆಯಲು ಇಟಲಿ ತನ್ನೆಲ್ಲ ಶಕ್ತಿ ಬಳಸಬೇಕೆಂದೂ ಹೇಳಿತು. ಅಷ್ಟರಲ್ಲಿ ಮೂರು ವರ್ಷಗಳಾಗುತ್ತ ಬಂದಿತ್ತು. ಅರ್ಜಿದಾರರಲ್ಲಿ ಇಬ್ಬರು ಸತ್ತಿದ್ದರು. ವಕೀಲರ ಸಂಪರ್ಕದಲ್ಲಿ ಉಳಿದಿದ್ದವರು ಆರು ಮಂದಿ. ಒಬ್ಬರು ಮತ್ತೆ ದೋಣಿ ಹತ್ತಿ ಲ್ಯಾಂಪೆಡೂಸಕ್ಕೇ ಬಂದು ಇಳಿದಿದ್ದರು. 2011ರಲ್ಲಿ ಅವರಿಗೆ ಇಟಲಿಯೇ ನಿರಾಶ್ರಿತರ ಸ್ಥಾನ ಕೊಟ್ಟಿತು. 2009ರಲ್ಲಿ ಹಡಗಿನ ಮೇಲೆ ಒಬ್ಬ ದುಭಾಷಿಯನ್ನು ಕರೆಸಿ ಕೇಳಿದ್ದರೆ ಗೊತ್ತಾಗಬಹುದಾಗಿದ್ದ ಸಂಗತಿ ಅದು.

ಇದೇ ಸಮಸ್ಯೆ ನಮ್ಮ ಮಗ್ಗುಲಿನಿಂದಲೂ ಹೊರಟಿದೆ. 2014ರ ಜೂನ್‌ನಲ್ಲಿ ಪುದುಚೇರಿಯಿಂದ ಭಾರತದ ಬಾವುಟದ ಒಂದು ದೋಣಿ 157 ಶ್ರೀಲಂಕಾ ತಮಿಳರನ್ನು ಹೊತ್ತು ಆಸ್ಟ್ರೇಲಿಯಾದ ಕಡೆ ಹೊರಟಿತು. ಅವರಲ್ಲಿ ಮಕ್ಕಳೂ ಇದ್ದರು. ಜೂನ್ 29ರಂದು ಕ್ರಿಸ್ಮಸ್ ದ್ವೀಪದಿಂದ ಸುಮಾರು 16 ನಾಟಿಕಲ್ ಮೈಲಿನಲ್ಲಿ, ಆಸ್ಟ್ರೇಲಿಯಾದ ಜಲಗಡಿಗೆ ತಾಗಿಕೊಂಡೇ ಹೊರಗೆ, ಆಸ್ಟ್ರೇಲಿಯಾದ ಹಡಗು ಅದನ್ನು ತಡೆಯಿತು. ದೋಣಿಯ ಎಂಜಿನ್‌ಗೆ ಬೆಂಕಿ ಬಿದ್ದು ಅದು ಕೆಟ್ಟಿತ್ತು. ಎಲ್ಲರನ್ನೂ ಹಡಗಿಗೆ ಹತ್ತಿಸಿಕೊಂಡರು. ಜುಲೈ 1ರಂದು ಸಚಿವರ ಸಮಿತಿ ಅವರನ್ನು ಭಾರತಕ್ಕೆ ಒಯ್ಯಬೇಕೆಂದು ತೀರ್ಮಾನಿಸಿತು. ಭಾರತದೊಂದಿಗೆ ಆಗ ಯಾವ ಒಪ್ಪಂದವೂ ಆಗಿರಲಿಲ್ಲ. ಹಡಗು ಭಾರತದ ಸಮೀಪಕ್ಕೆ ಬಂದು ದಿನಗಟ್ಟಲೆ ನೀರಿನಲ್ಲೇ ಕಾಯಿತು, ಇಳಿಸಲು ಒಪ್ಪಿಗೆ ಸಿಗಲಿಲ್ಲ. ಕೊನೆಗೆ ಜುಲೈ ಅಂತ್ಯದಲ್ಲಿ ಕೋಕೋಸ್ ದ್ವೀಪಗಳ ಮೂಲಕ ಆಸ್ಟ್ರೇಲಿಯಾದ ನೆಲಕ್ಕೂ, ಅಲ್ಲಿಂದ ನೌರು ದ್ವೀಪಕ್ಕೂ ಅವರನ್ನು ಸಾಗಿಸಲಾಯಿತು. ಸುಮಾರು ಒಂದು ತಿಂಗಳು ಅವರು ಹಡಗಿನಲ್ಲಿ ಬಂಧನದಲ್ಲಿದ್ದರು.

ಅವರಲ್ಲೊಬ್ಬರು ಆಸ್ಟ್ರೇಲಿಯಾದ ಹೈಕೋರ್ಟ್‌ಗೆ, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2015ರ ಜನವರಿಯಲ್ಲಿ ನಾಲ್ಕು ಮತ್ತು ಮೂರರ ಬಹುಮತದಿಂದ ಬಂಧನ ಸಕ್ರಮ ಎಂಬ ತೀರ್ಪು ಬಂತು. ಹಿರ್ಸಿ ಪ್ರಕರಣದ ಅಳತೆಗೋಲು ಹಿಡಿದು ನೋಡಿದರೆ ಇಲ್ಲೂ ಎಲ್ಲವೂ ಇತ್ತು. ಹಡಗು ಆಸ್ಟ್ರೇಲಿಯಾದ್ದು, ಹಿಡಿತ ಪೂರ್ಣ, ಒಬ್ಬೊಬ್ಬರ ಭಯವನ್ನು ವಿಚಾರಿಸದೆಯೇ ಒಯ್ಯುವ ತೀರ್ಮಾನ. ಆದರೆ ಹೈಕೋರ್ಟ್‌ನ ಮುಂದಿದ್ದ ಮುಖ್ಯ ಪ್ರಶ್ನೆ ಆಸ್ಟ್ರೇಲಿಯಾದ 2013ರ ಕಡಲ ಅಧಿಕಾರಗಳ ಕಾಯ್ದೆ ಇದಕ್ಕೆ ಅವಕಾಶ ಕೊಡುತ್ತದೆಯೇ ಎಂಬುದಾಗಿತ್ತು. ಅರ್ಜಿದಾರರು ಹೇಳಿಕೊಂಡ ಭಯ ಶ್ರೀಲಂಕಾದ್ದು, ಭಾರತದ್ದಲ್ಲ. ಭಾರತ ಅವರನ್ನು ಶ್ರೀಲಂಕಾಕ್ಕೆ ತಳ್ಳುತ್ತಿತ್ತೇ ಎಂಬ ಸರಪಳಿಯ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. ತೀರ್ಪಿಗೆ ಮೊದಲೇ, 2014ರ ಡಿಸೆಂಬರ್‌ನಲ್ಲಿ, ಇಂಥ ನಿರ್ಧಾರಗಳು ಅಂತರರಾಷ್ಟ್ರೀಯ ಹೊಣೆಗೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಅಸಿಂಧುವಾಗದಂತೆ ಸಂಸತ್ತು ಕಾಯ್ದೆಯನ್ನೇ ತಿದ್ದಿತ್ತು. ಒಪ್ಪಂದಕ್ಕೆ ಸಹಿ ಹಾಕಿದ ದೇಶದಲ್ಲೂ ಆ ಒಪ್ಪಂದವನ್ನು ಕೈಗೆತ್ತಿಕೊಳ್ಳಲು ಅಧಿಕಾರವಿರುವ ನ್ಯಾಯಾಲಯ ಇಲ್ಲದಿದ್ದರೆ ನಿಯಮ ಎಷ್ಟು ಬಡವಾಗುತ್ತದೆ ಎನ್ನುವುದಕ್ಕೆ ಪುದುಚೇರಿಯ ದೋಣಿ ಸಾಕ್ಷಿ.

ಯುರೋಪಿನಲ್ಲೂ ಹಿರ್ಸಿ ತೀರ್ಪಿನ ಸುತ್ತ ಬಳಸುದಾರಿ ಹುಟ್ಟಿಕೊಂಡಿತು. ತನ್ನ ಹಡಗಿಗೆ ಹತ್ತಿಸಿಕೊಂಡರೆ ತಾನೇ ಹೊಣೆ? 2017ರ ಫೆಬ್ರುವರಿ 2ರಂದು ಇಟಲಿ ಲಿಬಿಯಾದೊಂದಿಗೆ ಹೊಸ ಒಡಂಬಡಿಕೆ ಮಾಡಿಕೊಂಡಿತು. ಲಿಬಿಯಾದ ಕೋಸ್ಟ್ ಗಾರ್ಡ್‌ಗೆ ದೋಣಿ, ಹಣ, ತರಬೇತಿ ಎಲ್ಲ ಇಟಲಿ ಮತ್ತು ಯುರೋಪಿನಿಂದ. ಹಿಡಿದು ವಾಪಸು ಒಯ್ಯುವ ಕೈ ಮಾತ್ರ ಲಿಬಿಯಾದ್ದು. ಅದೇ ವರ್ಷದ ನವೆಂಬರ್ 6ರಂದು ಲಿಬಿಯಾದ ಗಸ್ತು ದೋಣಿಯೂ ಸೀ-ವಾಚ್ ಎಂಬ ಸ್ವಯಂಸೇವಾ ಸಂಸ್ಥೆಯ ಹಡಗೂ ಮುಳುಗುತ್ತಿದ್ದ ಒಂದೇ ರಬ್ಬರ್ ದೋಣಿಯ ಬಳಿಗೆ ಬಂದವು. ಹಲವರು ನೀರುಪಾಲಾದರು. ಬದುಕಿದವರು ಇಟಲಿಯ ಮೇಲೆ ಹೂಡಿದ ದಾವೆಯನ್ನು ಅದೇ ಸ್ಟ್ರಾಸ್‌ಬರ್ಗ್ ನ್ಯಾಯಾಲಯ 2025ರಲ್ಲಿ ವಿಚಾರಣೆಗೆ ಅಂಗೀಕರಿಸಲಿಲ್ಲ. ಆ ಕಡಲಿನ ಮೇಲೆ ಇಟಲಿಗೆ ಪರಿಣಾಮಕಾರಿ ಹಿಡಿತ ಇರಲಿಲ್ಲ, ಆದ್ದರಿಂದ ಇದು ಅದರ ಅಧಿಕಾರ ವ್ಯಾಪ್ತಿಯಲ್ಲ ಎಂಬುದು ಕಾರಣ. 2012ರಲ್ಲಿ ನಿರಾಶ್ರಿತರನ್ನು ಕಾದ ಅಳತೆಗೋಲೇ ಇಲ್ಲಿ ಅವರ ಕೈ ಬಿಟ್ಟಿತು. ಕಾನೂನಿನ ತರ್ಕ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಬೇರೆಯವರ ಕೈಗೆ ದೋಣಿ ಕೊಟ್ಟು, ಅವರಿಗೆ ಹಣವನ್ನೂ ತರಬೇತಿಯನ್ನೂ ಕೊಟ್ಟು ಮಾಡಿಸಿದ ಕೆಲಸಕ್ಕೆ ಮಾಡಿಸಿದವರ ಹೊಣೆ ಇಲ್ಲ ಎಂಬುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಬಾವುಟದ ಸೂತ್ರ ಮಾತ್ರ ಇನ್ನೂ ಗಟ್ಟಿಯಾಗಿದೆ. 2018ರ ಜುಲೈ 30ರಂದು ಅಸ್ಸೊ 28 ಎಂಬ ಇಟಲಿಯ ಖಾಸಗಿ ಹಡಗು 101 ಜನರನ್ನು ಸಮುದ್ರದಿಂದ ಎತ್ತಿ ಟ್ರಿಪೋಲಿಗೆ ಒಪ್ಪಿಸಿತು. ಅದರ ಕ್ಯಾಪ್ಟನ್‌ಗೆ 2021ರಲ್ಲಿ ನೇಪಲ್ಸ್‌ನ ನ್ಯಾಯಾಲಯ ಒಂದು ವರ್ಷದ ಶಿಕ್ಷೆ ವಿಧಿಸಿತು. ಇಟಲಿಯ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಅದನ್ನು ಎತ್ತಿಹಿಡಿಯಿತು. ಸಮುದ್ರದಲ್ಲಿ ರಕ್ಷಿಸಿದವರನ್ನು ಸುರಕ್ಷಿತ ಸ್ಥಳದಲ್ಲೇ ಇಳಿಸಬೇಕು, ಲಿಬಿಯಾ ಅಂಥ ಸ್ಥಳವಲ್ಲ ಎಂಬುದು ಈಗ ಇಟಲಿಯ ನ್ಯಾಯಾಲಯಗಳೇ ಹೇಳಿದ ಮಾತು.

ಭಾರತ 1951ರ ಒಪ್ಪಂದಕ್ಕೂ ಅದರ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿ ಇನ್ನೂ ಅನುಮೋದಿಸಿಲ್ಲ. ಹೀಗಿದ್ದೂ ದೋಣಿಗಳು ನಮ್ಮ ಕಡಲಿಗೂ ಬರುತ್ತವೆ. 1983ರ ನಂತರ ಶ್ರೀಲಂಕಾ ತಮಿಳರು ರಾಮೇಶ್ವರದ ತೀರಕ್ಕೆ ಬಂದರು, ಅವರಿಗೆ ಶಿಬಿರ ಸಿಕ್ಕಿತು. 2021ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಿಂದ ಹೊರಟ ರೋಹಿಂಗ್ಯಾಗಳ ದೋಣಿಯ ಎಂಜಿನ್ ಅಂಡಮಾನ್ ಸಮುದ್ರದಲ್ಲಿ ಕೆಟ್ಟಿತು. ನಮ್ಮ ಕೋಸ್ಟ್ ಗಾರ್ಡ್ ತಲುಪುವ ಹೊತ್ತಿಗೆ 81 ಜನ ಬದುಕಿದ್ದರು, ಎಂಟು ಜನ ಸತ್ತಿದ್ದರು. ಅನ್ನ, ನೀರು, ಔಷಧಿ ಕೊಟ್ಟದ್ದು ನಿಜ, ಅದು ಸಣ್ಣ ಮಾತಲ್ಲ. ಆದರೆ ಇಳಿಯಲು ಬಿಡಲಿಲ್ಲ, ಬಾಂಗ್ಲಾದೇಶವೂ ಅವರನ್ನು ವಾಪಸು ಪಡೆಯಲು ಒಪ್ಪಲಿಲ್ಲ. ಆ 81 ಜನ ಜೂನ್ ತಿಂಗಳಲ್ಲಿ ಇಂಡೊನೇಷ್ಯಾದ ಆಚೆ ಪ್ರಾಂತ್ಯದ ದ್ವೀಪವೊಂದಕ್ಕೆ ತಲುಪಿ ನೆಲ ಮುಟ್ಟಿದರು. ಕಡಲಲ್ಲಿ ಕಳೆದದ್ದು ಹೆಚ್ಚುಕಡಿಮೆ ನಾಲ್ಕು ತಿಂಗಳು.

ಅದೇ ವರ್ಷದ ಏಪ್ರಿಲ್‌ನಲ್ಲಿ ಜಮ್ಮುವಿನಲ್ಲಿದ್ದ ರೋಹಿಂಗ್ಯಾಗಳ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಗಡೀಪಾರನ್ನು ತಡೆಯಲು ಒಪ್ಪಲಿಲ್ಲ. ಜೀವದ ಹಕ್ಕು ಮತ್ತು ಸಮಾನತೆಯ ಹಕ್ಕು ವಿದೇಶಿಯರಿಗೂ ಇದೆ, ಗಡೀಪಾರಾಗದಿರುವ ಹಕ್ಕು ಮಾತ್ರ ಇಲ್ಲ, ಅದು ನಾಗರಿಕರ ನೆಲೆಸುವ ಹಕ್ಕಿಗೆ ಅಂಟಿಕೊಂಡದ್ದು ಎಂದಿತು. ಆದರೆ ನಿಗದಿತ ವಿಧಾನವನ್ನು ಪಾಲಿಸದೆ ಗಡೀಪಾರು ಮಾಡಬಾರದು ಎಂದೂ ಹೇಳಿತು. ಆ ವಿಧಾನದಲ್ಲಿ ನಿಮಗೆ ಊರಲ್ಲಿ ಏನು ಭಯ ಎಂದು ಕೇಳುವ ಹಂತವನ್ನು ಕಾಯ್ದೆ ಕಡ್ಡಾಯಗೊಳಿಸಿಲ್ಲ. 2025ರಲ್ಲಿ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಅದನ್ನು ಸೇರಿಸಲಿಲ್ಲ. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಂಥ ಕೆಲವರಿಗೆ ಆದೇಶದ ಮೂಲಕ ದಂಡನೆಯಿಂದ ವಿನಾಯಿತಿ ಸಿಕ್ಕಿದೆ. ಅದು ಸರ್ಕಾರದ ಕೃಪೆ, ಬೇಕಾದಾಗ ಹಿಂಪಡೆಯಬಹುದಾದದ್ದು.

ನಿರಾಶ್ರಿತರಿಗೆ ದೇಶವನ್ನು ತೆರೆದಿಡಿ ಎಂದು ಈ ಲೇಖನ ಕೇಳುತ್ತಿಲ್ಲ. ಮರಳಿಸುವ ಆದೇಶಕ್ಕೆ ಸಹಿ ಹಾಕುವ ಮೊದಲು ಒಬ್ಬ ತರಬೇತಾದ ಅಧಿಕಾರಿ, ಒಬ್ಬ ದುಭಾಷಿ, ಒಬ್ಬೊಬ್ಬರಿಗೂ ಪ್ರತ್ಯೇಕ ವಿಚಾರಣೆ, ನಿರ್ಧಾರವನ್ನು ಪ್ರಶ್ನಿಸಲು ಒಂದು ಅವಕಾಶ, ಇಷ್ಟನ್ನು ಭಾರತದ ಕಾನೂನಿನಲ್ಲಿ ಬರೆಯಿರಿ ಎಂದು ಕೇಳುತ್ತಿದೆ. ಇದಕ್ಕೆ 1951ರ ಒಪ್ಪಂದಕ್ಕೆ ಸಹಿ ಹಾಕಲೇಬೇಕೆಂದಿಲ್ಲ. ಸಂಸತ್ತು ಒಂದು ತಿದ್ದುಪಡಿ ತಂದರೆ ಸಾಕು.